ಕೊರಟಗೆರೆಯಲ್ಲಿ ಹೊಸ್ತಿಲು, ಮಧುಗಿರಿಯಲ್ಲಿ ನಡುಮನೆ

ಸುದ್ದಿ ಕಳಿಸುವ ಕೆಲಸದ ನಡುವೆ ನಾವು ನಾಲ್ಕೈದು ಗೆಳೆಯರು ಸೇರಿ ಒಂದು ಕಿರುಚಿತ್ರ ಮಾಡಿದೆವು. ಚಿತ್ರೀಕರಣ ಭಾನುವಾರಗಳಲ್ಲಿ ಮಾತ್ರ. ಅದರಲ್ಲಿ ನಮ್ಮ ಪಾಲಿಗೆ ಬಂದಿದ್ದು ಕಂಟಿನ್ಯೂಟಿ ಬರೆಯುವ ಕೆಲಸ. ಅಂದರೆ ಒಂದು ದಿನ ತೆಗೆದ ಶಾಟ್‌ನಲ್ಲಿ ಬಟ್ಟೆ, ಸಾಮಾನು, ಕೈಕಾಲು ಹೇಗಿದ್ದವೋ, ಇನ್ನೊಂದು ದಿನ ಅದರ ಮುಂದುವರಿಕೆ ತೆಗೆಯುವಾಗಲೂ ಹಾಗೇ ಇರುವಂತೆ ನೋಡಿಕೊಳ್ಳುವುದು.

ಅಪ್ಪನ ಪಾತ್ರ ಮಾಡಿದವರು ಪಾವಗಡ ಕಡೆಯ ನಾಟಕದ ಕಲಾವಿದರು, ದುರ್ಯೋಧನನ ಪಾತ್ರಧಾರಿ. ‘ನಾಟಕದಲ್ಲಿ ರಾತ್ರಿ ಶುರುವಾದ್ರೆ ಬೆಳಗಿನ ಜಾವಕ್ಕೆ ಮುಗೀತದೆ. ಟವೆಲ್ ಎಲ್ಲಿತ್ತು ಅಂತ ಬರ್ಕೊಳೋ ಕೆಲ್ಸ ಯಾಕಪ್ಪಾ?’ ಅಂತ ನಗುತ್ತಿದ್ದರು. ಅವರು ಹೇಳಿದ್ದು ಸರಿಯೇ. ನಾಟಕ ಸಾಲಾಗಿ ನಡೆಯುತ್ತದೆ, ಸಿನಿಮಾ ಹಾಗಲ್ಲ.

ನಮ್ಮ ಕಥೆಯಲ್ಲಿ ಅಪ್ಪ ಸಿರಾ ಸಂತೆಯಿಂದ ಬಂದು, ಜಗುಲಿಯಲ್ಲಿ ಕೂತು ಟೀ ಕುಡಿದು, ಒಳಗೆ ಹೋಗುತ್ತಾನೆ. ಜಗುಲಿ ಚೆನ್ನಾಗಿದ್ದ ಮನೆ ಕೊರಟಗೆರೆ ತಾಲ್ಲೂಕಿನಲ್ಲಿ ಸಿಕ್ಕಿತು, ಆದರೆ ಅದರ ಒಳಗೆ ಕ್ಯಾಮೆರಾ ಇಡಲು ಜಾಗವಿರಲಿಲ್ಲ. ನಡುಮನೆಯನ್ನು 2 ವಾರ ಬಿಟ್ಟು ಮಧುಗಿರಿ ಕಡೆಯ ಇನ್ನೊಂದು ಮನೆಯಲ್ಲಿ ತೆಗೆದೆವು. ಪರದೆಯ ಮೇಲೆ ಆತ ದಾಟುವುದು ಒಂದೇ ಹೊಸ್ತಿಲು.

ಆ ಹೊಸ್ತಿಲಿಗೆ ನಾವು ಬರೆದುಕೊಂಡಿದ್ದು ಹೀಗೆ: ಟವೆಲ್ ಎಡ ಹೆಗಲ ಮೇಲೆ, ಉದ್ದನೆಯ ತುದಿ ಮುಂದಕ್ಕೆ. ಅಂಗಿಯ ಮೇಲಿನ ಒಂದು ಗುಂಡಿ ಬಿಚ್ಚಿದೆ. ಪಂಚೆ ಎತ್ತಿ ಕಟ್ಟಿದ್ದು. ಚಪ್ಪಲಿ ಹೊರಗೇ ಬಿಟ್ಟಿದೆ. ಚೀಲ ಎಡಗೈಯಲ್ಲಿ, ಒಳಗೆ 2 ಕೆ.ಜಿ. ಬದನೆಕಾಯಿ. ಬೆನ್ನಲ್ಲಿ ಬೆವರಿನ ಒದ್ದೆ. ಮೊದಲು ಬಲಗಾಲು. ಫ್ರೇಮಿನ ಬಲಕ್ಕೆ ಹೊರಟ. ಸಂಜೆ ನಾಲ್ಕೂವರೆ ಬಿಸಿಲು.

ಬದನೆಕಾಯಿಯ ತೂಕ ಯಾಕೆ ಅಂತ ನೀವು ಕೇಳಬಹುದು. ಖಾಲಿ ಚೀಲಕ್ಕೆ ಪೇಪರ್ ತುರುಕಿದರೆ ಉಬ್ಬುತ್ತದೆ, ಆದರೆ ತೋಳು ಜಗ್ಗುವುದಿಲ್ಲ. ಹೊರಗೆ ಭಾರ ಹೊತ್ತವನು ಒಳಗೆ ಬಂದಕೂಡಲೇ ಹಗುರಾದರೆ ನೋಡುವವರ ಕಣ್ಣಿಗೆ ಏನೋ ಕೊರತೆ ಅನಿಸುತ್ತದೆ. ದಿಕ್ಕಿನ ಮಾತೂ ಹಾಗೇ. ಹೊರಗೆ ಫ್ರೇಮಿನ ಬಲಕ್ಕೆ ಹೋದವನು ಒಳಗಿನ ಶಾಟ್‌ನಲ್ಲಿ ಎಡದಿಂದ ಬರಬೇಕು. ಬಲದಿಂದ ಬಂದರೆ ಹೋದವನು ವಾಪಸ್ ತಿರುಗಿದ ಹಾಗೆ ಕಾಣುತ್ತದೆ.

ಫೋಟೋ ಇದ್ದರೆ ಸಾಲದೇ? ಫೋಟೋ ಬೇಕೇ ಬೇಕು, ಆದರೆ ಶಾಟ್ ಮುಗಿದ ಕೂಡಲೇ ತೆಗೆದದ್ದು ಬೇಕು. ಮುಂದಿನ ಶಾಟ್ ಅಂಟಿಕೊಳ್ಳುವುದು ಹಿಂದಿನದರ ಕೊನೆಗೆ, ಆರಂಭಕ್ಕಲ್ಲ. ಮುಂದೆ, ಹಿಂದೆ, ಎರಡೂ ಪಕ್ಕ ತೆಗೆದುಕೊಳ್ಳುತ್ತಿದ್ದೆವು. ಫೋನಿನ ಸೆಲ್ಫಿ ಕ್ಯಾಮೆರಾ ಬಳಸುತ್ತಿರಲಿಲ್ಲ. ಕೆಲವು ಫೋನುಗಳಲ್ಲಿ ಅದು ಕನ್ನಡಿಯಂತೆ ಎಡಬಲ ಅದಲುಬದಲು ಮಾಡಿ ಉಳಿಸುತ್ತದೆ. ಯಾವ ಟೇಕ್ ಓಕೆ ಆಯಿತು ಅನ್ನುವುದನ್ನೂ ಪಕ್ಕದಲ್ಲೇ ಬರೆಯಬೇಕು. ಎರಡನೇ ಟೇಕಿನ ಟವೆಲ್ ನಾಲ್ಕನೆಯದಕ್ಕೆ ಜಾರಿರುತ್ತದೆ.

ಫೋಟೋದಲ್ಲಿ ಸಿಗದೇ ಇರುವುದು ಚಲನೆ. ಟೀ ಕುಡಿಯುವಾಗ ಅಪ್ಪ ಮಗಳಿಗೆ ‘ಈ ಸಲನೂ ಮಳೆ ಕೈ ಕೊಡ್ತು’ ಅನ್ನುತ್ತಾನೆ. ದೂರದ ಶಾಟ್‌ನಲ್ಲಿ ‘ಮಳೆ’ ಅನ್ನುವಾಗ ಲೋಟ ಮೇಲೆತ್ತಿದ್ದ. ಮುಖದ ಹತ್ತಿರದ ಶಾಟ್ ತೆಗೆಯುವಾಗಲೂ ಅದೇ ಮಾತಿಗೆ ಎತ್ತಬೇಕು. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಎರಡನ್ನೂ ಕತ್ತರಿಸಿ ಕೂಡಿಸಿದಾಗ ತುಟಿಯಲ್ಲಿದ್ದ ಲೋಟ ದಿಢೀರನೆ ನೆಲದ ಮೇಲಿರುತ್ತದೆ. ಹಾಗಾಗಿ ಸಂಭಾಷಣೆಯ ಹಾಳೆಯಲ್ಲಿ ‘ಮಳೆ’ ಪದದ ಕೆಳಗೆ ಗೆರೆ ಎಳೆದು ‘ಲೋಟ, ಬಲಗೈ, ಅರ್ಧಕ್ಕಿಂತ ಒಂದು ಬೆರಳು ಕೆಳಗೆ’ ಅಂತ ಬರೆದೆವು. ಪ್ರತಿ ಟೇಕಿಗೂ ಟೀಯನ್ನು ಅಷ್ಟೇ ಮಟ್ಟಕ್ಕೆ ಸುರಿಯುತ್ತಿದ್ದೆವು.

ದೊಡ್ಡವರಿಗೂ ಈ ಕಷ್ಟ ತಪ್ಪಿದ್ದಲ್ಲ. ನಮ್ಮ ಪಕ್ಕದ ಜಿಲ್ಲೆಯ ರಾಮನಗರದ ಬಂಡೆಗಳ ನಡುವೆ ತೆಗೆದು 1975ರಲ್ಲಿ ಬಿಡುಗಡೆಯಾದ ‘ಶೋಲೆ’ಯಲ್ಲಿ ಬಿಳಿ ಸೀರೆಯ ಜಯಾ ಭಾದುರಿ, ದೀಪಗಳು, ಅಮಿತಾಭ್ ಬಚ್ಚನ್‌ರ ಮೌತ್ ಆರ್ಗನ್ ಇರುವ ದೃಶ್ಯ ನೆನಪಿರಬಹುದು. ಮುಸ್ಸಂಜೆಯ ಕೆಲವೇ ನಿಮಿಷಗಳ ಬೆಳಕಿಗಾಗಿ ಅದನ್ನು ಎಷ್ಟೋ ದಿನ ಕಾದು ತೆಗೆದರು. ಪರದೆಯ ಮೇಲೆ ಮಾತ್ರ ಒಂದೇ ಸಂಜೆಯಂತೆ ಕಾಣಬೇಕು.

ಬರೆದಿಟ್ಟುಕೊಂಡರೂ ಕೈಗೆ ಸಿಗದ ಸಂಗತಿಗಳಿವೆ. ಮಧುಗಿರಿಯ ಶಾಟ್‌ಗೆ ನಮ್ಮ ದುರ್ಯೋಧನರು ನೆಂಟರ ಮದುವೆ ಮುಗಿಸಿ, ನುಣ್ಣಗೆ ಗಡ್ಡ ತೆಗೆಸಿಕೊಂಡು ಬಂದರು. ನಮ್ಮ ನೋಟ್‌ಬುಕ್ಕಿನಲ್ಲಿ ‘ಮೂರು ದಿನದ ಗಡ್ಡ’ ಅಂತಿತ್ತು. ಅವತ್ತು ಬೆನ್ನಿಗೆ ನೀರು ಚಿಮುಕಿಸಿ, ಹಿಂದಿನಿಂದ ಕಾಣುವ ಶಾಟ್‌ಗಳನ್ನಷ್ಟೇ ಮುಗಿಸಿದೆವು. ಮುಖದ ಶಾಟ್‌ಗಳನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡು, ಗುರುವಾರದಿಂದ ಕತ್ತಿ ಮುಟ್ಟಬೇಡಿ ಅಂತ ಕೇಳಿಕೊಂಡೆವು.

‘ಆಯ್ತು ಬಿಡ್ರಪ್ಪಾ, ಗಡ್ಡಕ್ಕೂ ಒಂದು ಲೆಕ್ಕ ಇಟ್ಟಿದೀರಾ’ ಅಂದರು. ಮುಂದಿನ ವಾರ ಬಂದವರೇ, ನಾವು ನೋಟ್‌ಬುಕ್ ತೆಗೆಯುವ ಮೊದಲೇ ಟವೆಲನ್ನು ಎಡ ಹೆಗಲಿಗೆ ಹಾಕಿಕೊಂಡು ನಿಂತಿದ್ದರು.