ಕಾಕಾನ ವಾರದ ಟಿಕೆಟ್

ಇಂಡಿಯ ನಮ್ಮ ಕಾಕಾ ಮೂವತ್ತು ವರ್ಷದಿಂದ ವಾರಕ್ಕೊಂದು ಲಾಟರಿ ಟಿಕೆಟ್ ತಗೊಳ್ತಾರೆ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ಬಂದ್ ಆದ ಮೇಲೂ ಬಿಡಲಿಲ್ಲ, ಸೊಲ್ಲಾಪುರಕ್ಕೇ ಹೋಗಿ ತಗೊಂಡು ಬರ್ತಾರೆ. ಈ ದೀಪಾವಳಿಗೆ ಊರಿಗೆ ಹೋದಾಗ, ಸಾಕು ಬಿಡ್ರಿ ಕಾಕಾ ಅಂದೆ.

“ಮೂವತ್ತ ವರ್ಷ ಆಡೀನಿ ತಮ್ಮಾ, ನಂಬರ ಹತ್ರ ಬಂದಿರ್ತದ. ಈಗ ಹೆಂಗ ಬಿಡ್ಲಿ?”

ಫೋನ್ ತೆಗೆದೆ. ಹತ್ತು ಲಕ್ಷ ಟಿಕೆಟಿಗೆ ಒಂದು ದೊಡ್ಡ ಬಹುಮಾನ ಅಂತಿಟ್ಟುಕೊಂಡೆ. ಮೂವತ್ತು ವರ್ಷ ಅಂದ್ರೆ 1,560 ವಾರ. ‘ಒಮ್ಮೆಯಾದರೂ’ ಅನ್ನೋದರಲ್ಲಿ ಒಂದು ಸಲ, ಎರಡು ಸಲ, ಮೂರು ಸಲ ಗೆದ್ದದ್ದೆಲ್ಲ ಸೇರುತ್ತೆ. ಅದಕ್ಕೇ ಉಲ್ಟಾ ಹಿಡಿದೆ: ಒಮ್ಮೆಯೂ ಗೆಲ್ಲದ ಸಾಧ್ಯತೆ ಕಂಡುಹಿಡಿದು, ಅದನ್ನು 1ರಿಂದ ಕಳೆದರಾಯ್ತು. ಒಂದು ವಾರ ಸೋಲುವ ಸಾಧ್ಯತೆ 0.999999. ಅದನ್ನೇ 1,560 ಸಲ ಗುಣಿಸಿದರೆ ಸುಮಾರು 0.9984. ಉಳಿದದ್ದು 0.0016. ಕಾಕಾನಂಥ 640 ಮಂದಿ ಮೂವತ್ತು ವರ್ಷ ಆಡಿದರೆ ಒಬ್ಬರಿಗೆ ಹೊಡೆದೀತು.

ಆದರೆ ಇದು ಮೊದಲ ಟಿಕೆಟ್ ತಗೊಳ್ಳೋ ಮುಂಚಿನ ಲೆಕ್ಕ. ಸೋತ ಮೂವತ್ತು ವರ್ಷ ಬರುವ ವಾರಕ್ಕೆ ಸೇರೋದಿಲ್ಲ. ಆ ಟಿಕೆಟಿಗೂ ಹತ್ತು ಲಕ್ಷಕ್ಕೆ ಒಂದೇ ಅವಕಾಶ, ಹೊಸದಾಗಿ ಆಡೋನಿಗೆ ಇದ್ದಷ್ಟೇ. ಕಾಕಾ ಅಂದ ‘ಹತ್ರ’ ಇಲ್ಲವೇ ಇಲ್ಲ.

“ಇನ್ನೂ ಇಪ್ಪತ್ತ ವರ್ಷ ಆಡಿದ್ರ?”

1,040 ವಾರ. ಸುಮಾರು 960ಕ್ಕೆ ಒಂದು ಅಂದೆ. ಕಾಕಾಗೆ ಈಗ ಅರವತ್ತೆಂಟು. ಸ್ವಲ್ಪ ಹೊತ್ತು ಚಹಾದ ಕಪ್ಪನ್ನೇ ನೋಡ್ತಾ ಕೂತರು.

“ಆ ಒಬ್ಬ ನಾ ಯಾಕ ಆಗಬಾರದು?”

ಅದಕ್ಕೆ ನನ್ನ ಫೋನಿನಲ್ಲಿ ಉತ್ತರ ಇರಲಿಲ್ಲ.