ಪಂಪ್ ವಿಡಿಯೋಗೊಂದು ಮ್ಯೂಸಿಕ್

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಫೋನ್ ಬಂತು. ಭಾನುವಾರ ಎಂಟು ಗಂಟೆ ಅಂದ್ರೆ ಹಾಸ್ಟೆಲ್‌ನಲ್ಲಿ ಮಧ್ಯರಾತ್ರಿ ಇದ್ದ ಹಾಗೆ. "ಏನ್ರಪ್ಪಾ ಇದು? ನಮ್ಮ ವಿಡಿಯೋ ಒತ್ತಿದ್ರೆ ಮೊದಲು ಬೇರೆಯವರ ಪಂಪಿನ ಜಾಹೀರಾತು ಬರ್ತಿದೆಯಲ್ಲ?" ಅಂತ ಸರ್ ಕೇಳಿದ್ರು.

ಸರ್ ಅಂದ್ರೆ ಪೀಣ್ಯದಲ್ಲಿ ನೀರಿನ ಪಂಪ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಮಾಲೀಕರು. ನಮ್ಮ ಸೀನಿಯರ್ ಒಬ್ಬರ ಮೂಲಕ ಕೆಲಸ ಬಂದಿತ್ತು: ಕಾರ್ಖಾನೆ ಬಗ್ಗೆ 90 ಸೆಕೆಂಡಿನ ವಿಡಿಯೋ. ನಾವು ಮೂವರು ಎರಡು ದಿನ ಶೂಟ್ ಮಾಡಿ, ಒಂದು ವಾರ ಎಡಿಟ್ ಮಾಡಿ, ಕಂಪನಿಯ ಯೂಟ್ಯೂಬ್ ಚಾನೆಲ್‌ಗೆ ಹಾಕಿಕೊಟ್ಟಿದ್ವಿ. ಮುಂದಿನ ಗುರುವಾರ ತುಮಕೂರು ರಸ್ತೆಯ ಎಕ್ಸಿಬಿಷನ್‌ನಲ್ಲಿ ಅವರ ಸ್ಟಾಲ್. 500 ಬ್ರೋಷರ್ ಪ್ರಿಂಟ್ ಆಗಿತ್ತು, ಪ್ರತಿಯೊಂದರಲ್ಲೂ ಆ ವಿಡಿಯೋದ ಕ್ಯೂಆರ್ ಕೋಡ್.

ಮೊದಲು ನಾವು ಹೆದರಲಿಲ್ಲ. ಯೂಟ್ಯೂಬ್ ಈಗ ಯಾರ ವಿಡಿಯೋದಲ್ಲಿ ಬೇಕಾದ್ರೂ ತಾನೇ ಜಾಹೀರಾತು ಹಾಕಬಹುದು, ಇದೂ ಅದೇ ಇರಬೇಕು ಅಂದುಕೊಂಡ್ವಿ. ಆಮೇಲೆ ಯೂಟ್ಯೂಬ್ ಸ್ಟುಡಿಯೋ ತೆಗೆದು ನೋಡಿದ್ರೆ, ವಿಡಿಯೋದ ಸಾಲಿನಲ್ಲಿ ನಿರ್ಬಂಧಗಳ ಕಾಲಮ್‌ನಲ್ಲಿ ಕಾಪಿರೈಟ್ ಅಂತ ಬರೆದಿತ್ತು. ಅದನ್ನ ಒತ್ತಿದಾಗ ನಮ್ಮ ಹಿನ್ನೆಲೆ ಸಂಗೀತದ ಹೆಸರು, ಅದು ಎಷ್ಟನೇ ಸೆಕೆಂಡಿನಿಂದ ಎಷ್ಟನೇ ಸೆಕೆಂಡಿನವರೆಗೆ ಇದೆ ಅನ್ನೋದು, ಮತ್ತೆ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತೆ ಅನ್ನೋ ಸೂಚನೆ. ಅಪ್‌ಲೋಡ್ ಮಾಡಿದ ದಿನವೇ ಮೇಲ್ ಬಂದಿತ್ತು. ಆದ್ರೆ ಅದು ಹೋಗಿದ್ದು ಕಂಪನಿಯಲ್ಲಿ ಯಾರೂ ತೆಗೆಯದ ಒಂದು ಮೇಲ್‌ಬಾಕ್ಸ್‌ಗೆ.

ಇದನ್ನ ಕಂಟೆಂಟ್ ಐಡಿ ಕ್ಲೇಮ್ ಅಂತಾರೆ. ಹಾಡಿನ ಹಕ್ಕುದಾರರು ಅದರ ಒಂದು ಪ್ರತಿಯನ್ನ ಯೂಟ್ಯೂಬ್‌ಗೆ ಕೊಟ್ಟಿರ್ತಾರೆ. ಅಪ್‌ಲೋಡ್ ಆಗುವ ಪ್ರತಿ ವಿಡಿಯೋದ ಧ್ವನಿಯನ್ನೂ ಸಿಸ್ಟಂ ಅದರ ಜೊತೆ ಹೋಲಿಸುತ್ತೆ, ಬೆರಳಚ್ಚು ಹೋಲಿಸಿದ ಹಾಗೆ. ಹೊಂದಿಕೆಯಾದ್ರೆ ಹಕ್ಕುದಾರರು ಮೊದಲೇ ಹೇಳಿಟ್ಟ ಹಾಗೆ ವಿಡಿಯೋ ತಡೆಯುತ್ತೆ, ಇಲ್ಲ ಜಾಹೀರಾತು ಹಾಕುತ್ತೆ, ಇಲ್ಲ ಬರೀ ಲೆಕ್ಕ ಇಡುತ್ತೆ. ಇದು ಸ್ಟ್ರೈಕ್ ಅಲ್ಲ, ಇದರಿಂದ ಚಾನೆಲ್ ಮುಚ್ಚಿ ಹೋಗೋದಿಲ್ಲ. ನಿಮ್ಮ ಹತ್ರ ಲೈಸೆನ್ಸ್ ಇದೆಯೋ ಇಲ್ಲವೋ ಅನ್ನೋದು ಆ ಸಿಸ್ಟಂಗೆ ಗೊತ್ತಿರಲ್ಲ. ಇದ್ರೆ ತಕರಾರು ಸಲ್ಲಿಸಿ ತೋರಿಸಬೇಕು, ಉತ್ತರ ಕೊಡೋಕೆ ಅವರಿಗೆ 30 ದಿನ ಸಮಯ. ನಮಗಿದ್ದಿದ್ದು ನಾಲ್ಕು ದಿನ.

ಅಷ್ಟಕ್ಕೂ ನಮ್ಮ ಹತ್ರ ತೋರಿಸೋಕೆ ಏನೂ ಇರಲಿಲ್ಲ. ಆ ಮ್ಯೂಸಿಕ್ ತಗೊಂಡಿದ್ದು 'ನೋ ಕಾಪಿರೈಟ್ ಮ್ಯೂಸಿಕ್' ಅಂತ ಹಾಕುವ ಒಂದು ಚಾನೆಲ್‌ನಿಂದ. ವಿವರಣೆಯ ಮೊದಲ ಸಾಲಿನಲ್ಲಿ ನಿಮ್ಮ ವಿಡಿಯೋಗಳಲ್ಲಿ ಉಚಿತವಾಗಿ ಬಳಸಿ ಅಂತ ಇತ್ತು. ಅಷ್ಟು ಓದಿ ಡೌನ್‌ಲೋಡ್ ಮಾಡಿದ್ವಿ. 'ಇನ್ನಷ್ಟು' ಒತ್ತಿದ್ರೆ ಕೆಳಗೆ ಇತ್ತು: ಕಂಪನಿಗಳ ಬಳಕೆಗೆ, ಜಾಹೀರಾತಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಲ್ಯಾಬ್ ರೆಕಾರ್ಡ್ ಬರೆಯುವಾಗ ಮಾಡೋ ಹಾಗೆ ಮೇಲಿನ ಸಾಲು ಮಾತ್ರ ನೋಡಿದ್ವಿ.

ನಿಜ ಹೇಳ್ಬೇಕಂದ್ರೆ ರಾಯಲ್ಟಿ ಫ್ರೀ ಅನ್ನೋ ಪದಕ್ಕೆ ನಮಗೆ ಅರ್ಥವೇ ಗೊತ್ತಿರಲಿಲ್ಲ. ಪುಕ್ಕಟೆ ಅಂದುಕೊಂಡಿದ್ವಿ. ಅದರ ಅರ್ಥ, ಒಂದು ಸಲ ಲೈಸೆನ್ಸ್ ತಗೊಂಡ ಮೇಲೆ ಎಷ್ಟು ಸಲ ಪ್ಲೇ ಆಯ್ತು ಅಂತ ಲೆಕ್ಕ ಹಾಕಿ ಮತ್ತೆ ಮತ್ತೆ ದುಡ್ಡು ಕೊಡಬೇಕಿಲ್ಲ ಅಂತ ಅಷ್ಟೇ. ಹಾಡಿನ ಹಕ್ಕು ಮಾಡಿದವರ ಹತ್ರವೇ ಇರುತ್ತೆ. ನಮಗೆ ಸಿಗೋದು ಒಂದು ಅನುಮತಿ, ಅದರಲ್ಲಿ ಯಾರು, ಎಲ್ಲಿ, ಯಾವುದಕ್ಕೆ ಅಂತ ಬರೆದಿರುತ್ತೆ.

ಹಾಗಾಗಿ ಈ ಸಲ ಹಾಡು ಹುಡುಕೋ ಮುಂಚೆ, ವಿಡಿಯೋ ಎಲ್ಲೆಲ್ಲಿ ಓಡುತ್ತೆ ಅಂತ ಸರ್‌ನ ಕೇಳಿ ಬರ್ಕೊಂಡ್ವಿ. ಕಂಪನಿಯ ವೆಬ್‌ಸೈಟ್, ಯೂಟ್ಯೂಬ್, ಲಿಂಕ್ಡ್‌ಇನ್, 30 ಸೆಕೆಂಡಿಗೆ ಕತ್ತರಿಸಿದ ಇನ್‌ಸ್ಟಾಗ್ರಾಂ ರೀಲ್, ಅದೇ ರೀಲ್ ದುಡ್ಡು ಕೊಟ್ಟು ಓಡಿಸುವ ಜಾಹೀರಾತಾಗಿ, ಮತ್ತೆ ಸ್ಟಾಲ್‌ನ ಟೀವಿಯಲ್ಲಿ ಇಡೀ ದಿನ. ಒಟ್ಟು ಆರು ಕಡೆ. ಯೂಟ್ಯೂಬ್ ಒಂದೇ ಅಂದುಕೊಂಡು ನಾವು ಮ್ಯೂಸಿಕ್ ಆರಿಸಿದ್ದೇ ಮೂಲ ತಪ್ಪು.

ಪಟ್ಟಿ ಎದುರಿಗಿಟ್ಟುಕೊಂಡ ಮೇಲೆ ಒಂದೊಂದೇ ದಾರಿ ಮುಚ್ಚುತ್ತಾ ಬಂತು. ರೀಲ್‌ಗೆ ಟ್ರೆಂಡಿಂಗ್ ಸಿನಿಮಾ ಹಾಡು ಹಾಕೋಣ, ಇನ್‌ಸ್ಟಾಗ್ರಾಂ ಒಳಗೇ ಇದೆಯಲ್ಲ ಅಂದ ನಮ್ಮಲ್ಲೊಬ್ಬ. ಆ ಹಾಡುಗಳು ಜನರ ಸ್ವಂತ ಪೋಸ್ಟಿಗೆ. ವ್ಯಾಪಾರಕ್ಕೆ ಬಳಸಬೇಕಾದ್ರೆ ಬೇರೆ ಲೈಸೆನ್ಸ್ ನೀವೇ ತರಬೇಕು ಅಂತ ಮೆಟಾದ ಸಂಗೀತ ನಿಯಮದಲ್ಲೇ ಇದೆ. ಮೆಟಾದ ಸೌಂಡ್ ಕಲೆಕ್ಷನ್ ಅಂತ ಇನ್ನೊಂದು ಭಂಡಾರ ಇದೆ, ಅಲ್ಲಿನದು ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹಾಕೋಕೆ ಅಂತ ಕೊಟ್ಟಿರೋದು. ಅದನ್ನೇ ಲಿಂಕ್ಡ್‌ಇನ್‌ಗೋ ಸ್ಟಾಲ್ ಟೀವಿಗೋ ಒಯ್ಯೋ ಹಾಗಿಲ್ಲ.

ಆಮೇಲೆ ಕ್ರಿಯೇಟಿವ್ ಕಾಮನ್ಸ್. ಇಲ್ಲಿ ಹೆಸರಿನ ಕೊನೆಯ ಎರಡೆರಡು ಅಕ್ಷರದಲ್ಲೇ ಎಲ್ಲ ಇದೆ. CC BY-NC ಅಂದ್ರೆ ವಾಣಿಜ್ಯ ಬಳಕೆ ಇಲ್ಲ, ಪಂಪ್ ಮಾರುವ ವಿಡಿಯೋ ಅಲ್ಲೇ ಹೊರಗೆ. CC BY-ND ಅಂದ್ರೆ ಬದಲಾಯಿಸಬಾರದು. ನಾವು ಹಾಡನ್ನ ಬದಲಾಯಿಸ್ತಿಲ್ಲವಲ್ಲ, ಹಾಗೇ ಹಾಕ್ತೀವಿ ಅಂತ ವಾದ ಮಾಡ್ಕೊಂಡ್ವಿ. ಆದ್ರೆ ಲೈಸೆನ್ಸ್‌ನ 4.0 ಆವೃತ್ತಿ ಓದಿದ್ರೆ ಮೊದಲ ವಿಭಾಗದಲ್ಲೇ ಇದೆ: ಸಂಗೀತವನ್ನ ಚಲಿಸುವ ಚಿತ್ರಕ್ಕೆ ಹೊಂದಿಸಿ ಕೂರಿಸಿದ್ರೆ ಅದು ಯಾವಾಗಲೂ ಮಾರ್ಪಾಡು ಅಂತಲೇ ಲೆಕ್ಕ. ಅಲ್ಲಿಗೆ ND ಇರೋ ಯಾವ ಹಾಡೂ ಯಾವ ವಿಡಿಯೋಗೂ ಬರಲ್ಲ. ಇದೇ ಕಾರಣಕ್ಕೆ CC BY-SA ಇನ್ನೂ ತಮಾಷೆ. ಮಾರ್ಪಾಡನ್ನ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು, ಅಂದ್ರೆ ನಮ್ಮ ಇಡೀ ವಿಡಿಯೋ. ಆಗ ಪಕ್ಕದ ಪಂಪ್ ಕಂಪನಿಯವರು ಸರ್ ಕಾರ್ಖಾನೆಯ ದೃಶ್ಯ ತೆಗೆದು ಹೆಸರು ಹಾಕಿ ಬಳಸಿದ್ರೂ ನಾವು ಬೇಡ ಅನ್ನೋ ಹಾಗಿಲ್ಲ!

ಉಳಿದಿದ್ದು ಬರೀ CC BY. ಕೆವಿನ್ ಮೆಕ್ಲಾಯ್ಡ್ ಸಂಗೀತ ನೀವೂ ಕೇಳಿರ್ತೀರಿ, ಅರ್ಧ ಯೂಟ್ಯೂಬ್ ಓಡೋದೇ ಅದರ ಮೇಲೆ, ಅದು ಈ ಲೈಸೆನ್ಸ್‌ನದು. ವಾಣಿಜ್ಯಕ್ಕೂ ಆಗುತ್ತೆ, ಹಾಡಿನ ಹೆಸರು, ಮಾಡಿದವರ ಹೆಸರು, ಲೈಸೆನ್ಸ್ ಕಾಣಿಸಬೇಕು ಅಷ್ಟೇ. ಯೂಟ್ಯೂಬ್‌ನಲ್ಲಿ ವಿವರಣೆಯಲ್ಲಿ ಬರೆದ್ರೆ ಮುಗೀತು. ಆದ್ರೆ ಸ್ಟಾಲ್ ಟೀವಿಗೆ ವಿವರಣೆ ಎಲ್ಲಿದೆ? ವಿಡಿಯೋದೊಳಗೇ ಕೊನೆಗೆ ತೋರಿಸಬೇಕು. ಕೊನೆಯ ನಾಲ್ಕು ಸೆಕೆಂಡು ಕಂಪನಿಯ ಫೋನ್ ನಂಬರ್ ಇರೋ ಜಾಗ, ಅಲ್ಲಿ ಬೇರೆಯವರ ಹೆಸರು ಬೇಡ ಅಂದ್ರು ಸರ್.

ಅವರದೇ ಒಂದು ಸಲಹೆ ಇತ್ತು. "ಪುರಂದರದಾಸರ ಹಾಡಿನ ವೀಣೆ ಹಾಕ್ರಪ್ಪಾ, ದಾಸರು ಬಂದು ರಾಯಲ್ಟಿ ಕೇಳ್ತಾರಾ?" ಮಾತು ಅರ್ಧ ಸರಿ. ರಚನೆಗೆ ಒಂದು ಹಕ್ಕು, ರೆಕಾರ್ಡಿಂಗ್‌ಗೆ ಇನ್ನೊಂದು ಹಕ್ಕು. ನಮ್ಮ 1957ರ ಕಾಯ್ದೆಯಲ್ಲಿ ಇವೆರಡೂ ಬೇರೆ ಬೇರೆ. ರಚನೆಯ ಹಕ್ಕು ರಚಿಸಿದವರು ತೀರಿಕೊಂಡ 60 ವರ್ಷಕ್ಕೆ ಮುಗಿಯುತ್ತೆ. ದಾಸರು 16ನೇ ಶತಮಾನದವರು, ಅಲ್ಲಿ ತೊಂದರೆ ಇಲ್ಲ. ಆದ್ರೆ ಸರ್ ಫೋನಿನಲ್ಲಿದ್ದ ವೀಣೆಯ ರೆಕಾರ್ಡಿಂಗ್ ಇತ್ತೀಚಿನದು, ರೆಕಾರ್ಡಿಂಗ್ ಹಕ್ಕು ಪ್ರಕಟವಾದಾಗಿನಿಂದ 60 ವರ್ಷ. ನಮ್ಮ ಸಂಘದಲ್ಲಿ ಕೊಳಲು ಬಾರಿಸೋ ಗೆಳತಿ ಇದ್ದಾಳೆ, ಅವಳಿಂದ ನುಡಿಸಿ ರೆಕಾರ್ಡ್ ಮಾಡಿ, ಲಿಖಿತ ಒಪ್ಪಿಗೆ ತಗೊಂಡ್ರೆ ಆರೂ ಕಡೆಗೆ ಆಗ್ತಿತ್ತು. ಆ ವಾರ ಅವಳಿಗೆ ಇಂಟರ್ನಲ್ಸ್. ಈಗಲೂ ನಮಗೆ ಅದೇ ಒಳ್ಳೆ ದಾರಿ ಅನ್ನಿಸುತ್ತೆ.

ಇನ್ನೊಂದು ತಪ್ಪು ಆಗೋದು ಸ್ವಲ್ಪದರಲ್ಲಿ ತಪ್ಪಿತು. ನಮ್ಮಲ್ಲೊಬ್ಬನಿಗೆ ಒಂದು ಮ್ಯೂಸಿಕ್ ಸೈಟಿನ ತಿಂಗಳ ಚಂದಾ ಇದೆ. ಅವನ ಅಕೌಂಟ್‌ನಿಂದ ಚೆಂದದ ಟ್ರ್ಯಾಕ್ ಇಳಿಸಿ, ವಿಡಿಯೋಗೆ ಕೂರಿಸಿಯೂ ಆಗಿತ್ತು. ಆಮೇಲೆ ಪ್ಲಾನ್ ಓದಿದ್ರೆ ಅದು ವೈಯಕ್ತಿಕ ಪ್ಲಾನ್: ಅವನ ಸ್ವಂತ ಚಾನೆಲ್‌ಗೆ ಮಾತ್ರ, ಗಿರಾಕಿಗೆ ಮಾಡಿಕೊಡೋ ಕೆಲಸಕ್ಕೆ ಇಲ್ಲ. ದುಡ್ಡು ಕೊಟ್ಟಿದ್ವಿ, ಟ್ರ್ಯಾಕ್ ಕಾನೂನುಬದ್ಧ, ಆದ್ರೂ ಸರ್ ಪಾಲಿಗೆ ಅದು ಲೈಸೆನ್ಸ್ ಇಲ್ಲದ ಹಾಡೇ. ಚಂದಾದಲ್ಲಿ ಇನ್ನೊಂದು ವಿಷಯವೂ ಇದೆ. ಚಾಲ್ತಿಯಲ್ಲಿದ್ದಾಗ ಪ್ರಕಟಿಸಿದ ವಿಡಿಯೋಗೆ ರಕ್ಷಣೆ ಉಳಿಯುತ್ತೆ ಅಂತ ಬರೆದಿತ್ತು, ನಿಲ್ಲಿಸಿದ ಮೇಲೆ ಹೊಸದಾಗಿ ಹಾಕಿದ್ದಕ್ಕೆ ಇಲ್ಲ. ಸರ್ ಮುಂದಿನ ವರ್ಷ ಅದೇ ಫೈಲನ್ನ ಇನ್ನೊಂದು ಕಡೆ ಅಪ್‌ಲೋಡ್ ಮಾಡಿದ್ರೆ?

ಕೊನೆಗೆ ಸೋಮವಾರ ರಾತ್ರಿ ಒಂದೇ ಟ್ರ್ಯಾಕಿನ ಲೈಸೆನ್ಸ್ ಕೊಂಡ್ವಿ, ನಾಲ್ಕು ಸಾವಿರ ಚಿಲ್ಲರೆ, ಕಂಪನಿಯ ಹೆಸರಿನಲ್ಲಿ, ಕಂಪನಿಯ ಮೇಲ್‌ನಿಂದ. ಕೊಳ್ಳೋ ಮುಂಚೆ ನಮ್ಮ ಆರು ಜಾಗಗಳ ಎದುರು ಅವರ ಷರತ್ತಿನ ಸಾಲು ಹುಡುಕಿ ಬರ್ಕೊಂಡ್ವಿ. ವೆಬ್ ಮತ್ತು ಸೋಷಿಯಲ್ ಮೀಡಿಯಾ ಸುಲಭಕ್ಕೆ ಸಿಕ್ತು. ದುಡ್ಡು ಕೊಟ್ಟು ಓಡಿಸೋ ಜಾಹೀರಾತು ಅಗ್ಗದ ದರ್ಜೆಯಲ್ಲಿ ಇರಲಿಲ್ಲ, ಅದರ ಮೇಲಿನ ದರ್ಜೆಯಲ್ಲಿತ್ತು. ಎಕ್ಸಿಬಿಷನ್ ಪರದೆ ಅದೇ ದರ್ಜೆಯ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅವಧಿ ಮಿತಿ ಇಲ್ಲ, ಕತ್ತರಿಸಬಹುದು, ಹೆಸರು ಹಾಕಬೇಕಿಲ್ಲ. ಟ್ರ್ಯಾಕ್ ಕಂಟೆಂಟ್ ಐಡಿಯಲ್ಲಿ ಇದೆ ಅಂತಲೂ ಮೊದಲೇ ಹೇಳಿದ್ರು, ಕಂಪನಿಯ ಚಾನೆಲ್ ಲಿಂಕ್ ಕೊಟ್ರೆ ಕ್ಲೇಮ್ ಬರದ ಹಾಗೆ ಪಟ್ಟಿಗೆ ಸೇರಿಸ್ತೀವಿ ಅಂದ್ರು. ಅಪ್‌ಲೋಡ್‌ಗೆ ಮುಂಚೆಯೇ ಸೇರಿಸಿದ್ವಿ. ಲೈಸೆನ್ಸ್ ಪಿಡಿಎಫ್, ಬಿಲ್, ಆ ದಿನದ ಷರತ್ತಿನ ಪುಟದ ಪ್ರತಿ, ಮೂರೂ ಒಂದು ಫೋಲ್ಡರ್‌ನಲ್ಲಿ ಹಾಕಿ ಸರ್‌ಗೆ ಕಳಿಸಿದ್ವಿ. ಷರತ್ತಿನ ಪುಟ ಯಾವತ್ತು ಬೇಕಾದ್ರೂ ಬದಲಾಗಬಹುದು.

ಮ್ಯೂಸಿಕ್ ಬದಲಾಯಿಸೋದು ಕಷ್ಟ ಆಗಲಿಲ್ಲ, ಮಾತು ಮತ್ತು ಸಂಗೀತ ಬೇರೆ ಬೇರೆ ಟ್ರ್ಯಾಕ್‌ನಲ್ಲೇ ಇದ್ವು. ಆದ್ರೆ ಯೂಟ್ಯೂಬ್‌ನಲ್ಲಿ ಹಳೇ ಲಿಂಕ್ ಉಳಿಸಿಕೊಂಡು ಹೊಸ ಫೈಲ್ ಹಾಕೋ ಹಾಗಿಲ್ಲ. ಹೊಸ ಅಪ್‌ಲೋಡ್, ಹೊಸ ಲಿಂಕ್. ಬುಧವಾರ ಸಂಜೆ ಹಾಸ್ಟೆಲ್ ಮೆಸ್‌ನಲ್ಲಿ ಕೂತು 500 ಬ್ರೋಷರ್‌ಗೆ ಹೊಸ ಕ್ಯೂಆರ್ ಸ್ಟಿಕ್ಕರ್ ಅಂಟಿಸಿದ್ವಿ. ಈ ಸಲ ಕೋಡ್ ಯೂಟ್ಯೂಬ್‌ಗೆ ಅಲ್ಲ, ಕಂಪನಿಯ ವೆಬ್‌ಸೈಟಿನ ಒಂದು ಪುಟಕ್ಕೆ. ಸ್ಟಿಕ್ಕರ್ ದುಡ್ಡು ನಮ್ಮ ಕೈಯಿಂದಲೇ.

ಎಕ್ಸಿಬಿಷನ್ ಮುಗಿದ ಮೇಲೆ ಸರ್ ಫೋನ್ ಮಾಡಿದ್ರು. ವಿಡಿಯೋ ಚೆನ್ನಾಗಿ ಓಡಿತಂತೆ. "ಆ ಮ್ಯೂಸಿಕ್ ಇದೆಯಲ್ಲಪ್ಪಾ, ಅದನ್ನೇ ನಮ್ಮ ಆಫೀಸ್ ಫೋನ್‌ಗೆ ಹಾಕಿಕೊಡಿ, ಲೈನ್ ಹೋಲ್ಡ್ ಮಾಡಿದಾಗ ಕೇಳ್ಬೇಕು." ಆಯ್ತು ಸರ್ ಅನ್ನೋಕೆ ಬಾಯಿ ತೆರೆದಿದ್ವಿ. ಒಂದು ನಿಮಿಷ ಸರ್ ಅಂತ ಹೇಳಿ ಪಿಡಿಎಫ್ ತೆಗೆದ್ವಿ. ಎರಡನೇ ಪುಟದಲ್ಲಿತ್ತು: ಚಿತ್ರದ ಜೊತೆ ಮಾತ್ರ, ಬಿಡಿ ಸಂಗೀತವಾಗಿ ಇಲ್ಲ.