ಅಣಬೆಯಿಂದ ಖಿನ್ನತೆ ಹೋಗುತ್ತದಾ? ನೂರರಲ್ಲಿ ಎಷ್ಟು ಜನಕ್ಕೆ?

ಸುದ್ದಿ ಬರೆಯುವವನಿಗೆ ಊರಲ್ಲಿ ಇನ್ನೊಂದು ಕೆಲಸವೂ ಇರುತ್ತದೆ. ವಾಟ್ಸಾಪಿನಲ್ಲಿ ಬಂದದ್ದು ನಿಜವೋ ಸುಳ್ಳೋ ಹೇಳುವ ಕೆಲಸ. ಚಿಕ್ಕಮ್ಮನ ಮಗಳು ಕಳಿಸಿದ ವಿಡಿಯೊ ಅಂಥದ್ದೇ. "ಒಂದೇ ಒಂದು ಡೋಸ್ ಅಣಬೆ, ವರ್ಷಗಳ ಖಿನ್ನತೆ ಮಾಯ, ವಿದೇಶಿ ವಿಜ್ಞಾನಿಗಳ ಸಂಶೋಧನೆ" ಅಂತ ಅದರಲ್ಲಿತ್ತು. ಕೆಳಗೆ ಅಕ್ಕ ಬರೆದಿದ್ದಳು: "ತಮ್ಮಾ, ಇದು ನಿಜವೇನೋ? ನಿಜ ಆದ್ರೆ ನಾನ್ಯಾಕೆ ದಿನಾ ಈ ಮಾತ್ರೆ ನುಂಗ್ಬೇಕು?"

ಅಕ್ಕ ನಾಲ್ಕು ವರ್ಷದಿಂದ ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದಾಳೆ. ಈಗ ಅಡುಗೆ, ತೋಟ, ಮಗಳ ಶಾಲೆ ಎಲ್ಲ ನೋಡಿಕೊಳ್ಳುವಷ್ಟು ಸುಧಾರಿಸಿದ್ದಾಳೆ. ಹಾಗಾಗಿ "ಹೌದು" ಅಥವಾ "ಸುಳ್ಳು" ಎಂದು ಒಂದು ಪದದಲ್ಲಿ ಉತ್ತರ ಕೊಡಲು ನನಗೆ ಮನಸ್ಸು ಬರಲಿಲ್ಲ. ಮೂಲ ಪ್ರಯೋಗದ ವರದಿಯನ್ನೇ ಹುಡುಕಿ ಓದಿದೆ. ಓದಿದ್ದನ್ನು ಅವಳಿಗೆ ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಸ್ತು ಯಾವುದು ಅಂತ ನೋಡೋಣ. ಕೆಲವು ಜಾತಿಯ ಅಣಬೆಗಳಲ್ಲಿ ಸೈಲೊಸೈಬಿನ್ ಎಂಬ ರಾಸಾಯನಿಕ ಇರುತ್ತದೆ. ಅದು ಹೊಟ್ಟೆಗೆ ಹೋದರೆ ಕೆಲವು ಗಂಟೆ ಕಾಲ ಬಣ್ಣ, ಶಬ್ದ, ಸಮಯ, "ನಾನು" ಎಂಬ ಅನುಭವ ಎಲ್ಲವೂ ಬದಲಾಗಿಬಿಡುತ್ತವೆ. ಆದರೆ ನಾನು ಹೇಳಹೊರಟ ಪ್ರಯೋಗದಲ್ಲಿ ಯಾರೂ ಅಣಬೆ ತಿನ್ನಲಿಲ್ಲ. ಲ್ಯಾಬಿನಲ್ಲಿ ತಯಾರಿಸಿದ ಸೈಲೊಸೈಬಿನ್ ಅನ್ನು ಅಳೆದು ಕ್ಯಾಪ್ಸೂಲಿನಲ್ಲಿ ತುಂಬಿ ಕೊಟ್ಟಿದ್ದರು.

ಕಂಪಾಸ್ ಪಾಥ್‌ವೇಸ್ ಎಂಬ ಕಂಪನಿ ನಡೆಸಿದ ಪ್ರಯೋಗ ಅದು. ಫಲಿತಾಂಶ 2022ರ ನವೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಯುರೋಪ್ ಮತ್ತು ಉತ್ತರ ಅಮೆರಿಕದ 10 ದೇಶಗಳ 233 ಜನ ಅದರಲ್ಲಿದ್ದರು. ಎರಡರಿಂದ ನಾಲ್ಕು ಔಷಧ ನೋಡಿದರೂ ಖಿನ್ನತೆ ಇಳಿಯದವರನ್ನೇ ಆರಿಸಿದ್ದರು. ಅವರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ 25 ಮಿಲಿಗ್ರಾಂ, ಇನ್ನೊಂದಕ್ಕೆ 10, ಮತ್ತೊಂದಕ್ಕೆ ಬರೀ 1 ಮಿಲಿಗ್ರಾಂ. ಎಲ್ಲರಿಗೂ ಒಂದೇ ಸಲ. 1 ಮಿಲಿಗ್ರಾಂ ಎಂದರೆ ಹೆಚ್ಚುಕಡಿಮೆ ಏನೂ ಆಗದಷ್ಟು ಸಣ್ಣ ಪ್ರಮಾಣ. ಹೋಲಿಸಿ ನೋಡುವುದಕ್ಕಾಗಿಯೇ ಆ ಗುಂಪು ಇದ್ದದ್ದು.

ವಿಡಿಯೊದಲ್ಲಿ ಕಾಣಿಸದ ಭಾಗ ಇದು: ಕ್ಯಾಪ್ಸೂಲು ಕೈಗೆ ಕೊಟ್ಟು ಮನೆಗೆ ಕಳಿಸಿಬಿಡಲಿಲ್ಲ. ಅದಕ್ಕೂ ಮುಂಚೆ ಕೆಲವು ವಾರ ತಯಾರಿ ನಡೆಯಿತು. ತರಬೇತಿ ಪಡೆದ ಚಿಕಿತ್ಸಕರು ಪ್ರತಿಯೊಬ್ಬರ ಜೊತೆ ಹಲವು ಸಲ ಕೂತು ಮಾತಾಡಿದರು. ಖಿನ್ನತೆಯ ಮಾತ್ರೆ ತಗೊಳ್ಳುತ್ತಿದ್ದವರಿಗೆ ವೈದ್ಯರ ಕಣ್ಣೆದುರೇ ನಿಧಾನವಾಗಿ ಬಿಡಿಸಿದರು. ಔಷಧದ ದಿನ ಶಾಂತವಾದ ಕೋಣೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಸಂಗೀತ ಕೇಳುತ್ತಾ ಆರರಿಂದ ಎಂಟು ಗಂಟೆ ಮಲಗಿಸಿದ್ದರು. ಅಷ್ಟೂ ಹೊತ್ತು ಚಿಕಿತ್ಸಕರು ಪಕ್ಕದಲ್ಲಿ ಕೂತಿದ್ದರು. ಆಮೇಲೂ ಕರೆದು, ಏನು ಕಂಡಿತು, ಏನನಿಸಿತು ಎಂದು ಮಾತಾಡಿಸಿದರು.

ಗುಣವಾಯಿತೋ ಇಲ್ಲವೋ ಅಂತ ಅಳೆಯುವುದು ಹೇಗೆ? ಖಿನ್ನತೆಗೆ ರಕ್ತ ಪರೀಕ್ಷೆ ಇಲ್ಲ. ಅದಕ್ಕೆ ಹತ್ತು ಪ್ರಶ್ನೆಗಳ ಒಂದು ಅಳತೆಗೋಲು ಇದೆ. ನಿದ್ದೆ, ಹಸಿವು, ಬೇಸರ, ಏಕಾಗ್ರತೆ, ಸಾಯುವ ಯೋಚನೆ, ಹೀಗೆ ಒಂದೊಂದಕ್ಕೂ 0ಯಿಂದ 6 ಅಂಕ. ಎಲ್ಲ ಕೂಡಿದರೆ 60. ಅಂಕ ಹೆಚ್ಚಿದ್ದಷ್ಟೂ ಖಿನ್ನತೆ ಹೆಚ್ಚು. ಪ್ರಯೋಗಕ್ಕೆ ಬಂದಾಗ ಈ ಜನರ ಸರಾಸರಿ ಅಂಕ 32ರ ಆಸುಪಾಸಿನಲ್ಲಿತ್ತು. ಯಾರಿಗೆ ಯಾವ ಡೋಸ್ ಸಿಕ್ಕಿದೆ ಎಂದು ಗೊತ್ತಿಲ್ಲದವರೇ ಪ್ರಶ್ನೆ ಕೇಳಿ ಅಂಕ ಹಾಕಿದರು.

ಮೂರು ವಾರವಾದಾಗ 25 ಮಿಲಿಗ್ರಾಂ ಗುಂಪಿನವರ ಅಂಕ ಸರಾಸರಿ 12 ಇಳಿದಿತ್ತು. 1 ಮಿಲಿಗ್ರಾಂ ಗುಂಪಿನವರದ್ದು 5.4 ಇಳಿದಿತ್ತು. ಅಂದರೆ ಔಷಧದ ಪಾಲು ಪೂರ್ತಿ 12 ಅಲ್ಲ, ಎರಡರ ನಡುವಿನ ವ್ಯತ್ಯಾಸ ಮಾತ್ರ. ಲೆಕ್ಕ ಹಾಕಿ ಅದನ್ನು 6.6 ಎಂದು ಕೊಟ್ಟಿದ್ದಾರೆ. ಇದು ಸಣ್ಣದಲ್ಲ, ಅಕಸ್ಮಾತ್ ಬಂದದ್ದೂ ಅಲ್ಲ. ಒಂದೇ ಡೋಸಿನಿಂದ ಇಷ್ಟಾಯಿತು ಎನ್ನುವುದಕ್ಕೇ ವಿಜ್ಞಾನಿಗಳು ಕಿವಿ ನಿಮಿರಿಸಿದ್ದು.

ಅಂಕಕ್ಕಿಂತ ತಲೆ ಎಣಿಸಿದರೆ ನಮಗೆ ಸುಲಭ. ಅಂಕ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದವರನ್ನು "ಗುಣ ಕಂಡವರು" ಅನ್ನೋಣ. 25 ಮಿಲಿಗ್ರಾಂ ತಗೊಂಡ ಪ್ರತಿ ನೂರು ಜನರಲ್ಲಿ 37 ಮಂದಿ ಮೂರನೇ ವಾರ ಗುಣ ಕಂಡರು. 63 ಮಂದಿ ಕಾಣಲಿಲ್ಲ. ಇತ್ತ 1 ಮಿಲಿಗ್ರಾಂ ತಗೊಂಡವರಲ್ಲೂ ನೂರಕ್ಕೆ 18 ಮಂದಿ ಗುಣ ಕಂಡರು. ತಯಾರಿ, ಮಾತು, ಆರೈಕೆ, ಭರವಸೆ ಇವಿಷ್ಟೇ ಅವರನ್ನು ಅಷ್ಟು ದೂರ ತಂದಿರಬೇಕು. ದೊಡ್ಡ ಡೋಸಿನಿಂದ ಹೆಚ್ಚುವರಿಯಾಗಿ ಸಿಕ್ಕಿದ್ದು ನೂರರಲ್ಲಿ 19 ಜನಕ್ಕೆ.

ಆಮೇಲೆ 12ನೇ ವಾರದ ತನಕ ಆ ಗುಣ ಹಾಗೇ ಉಳಿದವರನ್ನು ಎಣಿಸಿದರು. ದೊಡ್ಡ ಡೋಸಿನವರಲ್ಲಿ ನೂರಕ್ಕೆ 20, ಚಿಕ್ಕ ಡೋಸಿನವರಲ್ಲಿ 10. ಈ ಹೊತ್ತಿಗೆ ವ್ಯತ್ಯಾಸ ಖಚಿತ ಎನ್ನುವಷ್ಟು ಗಟ್ಟಿಯಾಗಿ ಉಳಿದಿರಲಿಲ್ಲ. "ಒಂದೇ ಡೋಸ್, ವರ್ಷಗಳ ಖಿನ್ನತೆ ಮಾಯ" ಎಂಬ ಮಾತನ್ನು ಈ ಅಂಕಿಗಳ ಪಕ್ಕ ಇಟ್ಟು ನೋಡಿ.

ತೊಂದರೆಯ ಕಡೆಯೂ ನೋಡಬೇಕು. ಮೂರೂ ಗುಂಪು ಸೇರಿ ನೂರಕ್ಕೆ 77 ಮಂದಿಗೆ ಏನಾದರೊಂದು ತೊಂದರೆ ಕಾಣಿಸಿತು. ಹೆಚ್ಚಿನದು ತಲೆನೋವು, ವಾಕರಿಕೆ, ತಲೆಸುತ್ತು. ಆದರೆ ಸಾಯುವ ಯೋಚನೆ ಅಥವಾ ತನಗೆ ತಾನೇ ಗಾಯ ಮಾಡಿಕೊಳ್ಳುವುದು ಮೂರೂ ಗುಂಪಿನಲ್ಲಿ ಕಂಡಿತು. ಆತ್ಮಹತ್ಯೆಯ ವರ್ತನೆ ತೋರಿದ ಮೂವರು 25 ಮಿಲಿಗ್ರಾಂ ಗುಂಪಿನವರು, ಔಷಧದಿಂದ ಗುಣ ಕಾಣದವರು. ಇದು ಔಷಧದಿಂದ ಆದದ್ದೋ, ಕಾಯಿಲೆಯದ್ದೋ, ಕಡೆಯ ಆಸೆಯೂ ಕೈಕೊಟ್ಟಿತು ಎಂಬ ನಿರಾಸೆಯದ್ದೋ? ಇಷ್ಟು ಕಡಿಮೆ ಜನರಿಂದ ಹೇಳಲು ಆಗುವುದಿಲ್ಲ. ಸಾವಿರಕ್ಕೊಬ್ಬರಿಗೆ ಆಗುವ ಅಪಾಯ ಏನಾದರೂ ಇದ್ದರೆ, ದೊಡ್ಡ ಡೋಸ್ ತಗೊಂಡ 79 ಜನರಲ್ಲಿ ಅದು ಕಣ್ಣಿಗೆ ಬೀಳದೇ ಹೋಗುವ ಸಾಧ್ಯತೆಯೇ ಹೆಚ್ಚು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ. ಹೊಸ ಔಷಧ ಪರೀಕ್ಷಿಸುವಾಗ ಯಾರಿಗೆ ಅಸಲಿ ಸಿಕ್ಕಿತು, ಯಾರಿಗೆ ಹುಸಿ ಸಿಕ್ಕಿತು ಎಂದು ರೋಗಿಗೆ ತಿಳಿಯಬಾರದು. ತಿಳಿದರೆ ಮನಸ್ಸು ಆಟ ಆಡುತ್ತದೆ. ಬಿ.ಪಿ. ಮಾತ್ರೆಯಲ್ಲಿ ಇದನ್ನು ಮುಚ್ಚಿಡುವುದು ಸುಲಭ, ಎರಡೂ ಬಿಳಿ ಮಾತ್ರೆ. ಸೈಲೊಸೈಬಿನ್‌ನಲ್ಲಿ ಮುಚ್ಚಿಡುವುದು ಹೇಗೆ? ಗೋಡೆ ಉಸಿರಾಡಿದ ಹಾಗೆ ಕಂಡವನಿಗೆ ತನಗೆ ಸಿಕ್ಕಿದ್ದು ದೊಡ್ಡ ಡೋಸ್ ಅಂತ ಯಾರೂ ಹೇಳಬೇಕಿಲ್ಲ. ಆರು ಗಂಟೆ ಸುಮ್ಮನೆ ಸಂಗೀತ ಕೇಳಿ ಎದ್ದವಳಿಗೂ ತನ್ನ ಪಾಲಿಗೆ ಬಂದದ್ದೇನು ಅಂತ ಗೊತ್ತಾಗಿಬಿಡುತ್ತದೆ. ಮೊದಲನೆಯವನ ಭರವಸೆ ಏರುತ್ತದೆ, ಎರಡನೆಯವಳದ್ದು ಕುಸಿಯುತ್ತದೆ. ಎರಡೂ ಸೇರಿ ಗುಂಪುಗಳ ನಡುವಿನ ಅಂತರವನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸಬಹುದು. ಅಂಕ ಹಾಕುವವರಿಗೆ ಡೋಸ್ ಗೊತ್ತಿಲ್ಲದಿದ್ದರೂ ಉತ್ತರ ಕೊಡುವವರಿಗೆ ಗೊತ್ತಿರುತ್ತದಲ್ಲ. 6.6ರಲ್ಲಿ ಔಷಧದ್ದೆಷ್ಟು, ನಂಬಿಕೆಯದ್ದೆಷ್ಟು ಎಂದು ಬೇರ್ಪಡಿಸುವ ದಾರಿ ಈ ಪ್ರಯೋಗದೊಳಗೆ ಇಲ್ಲ.

ಅಕ್ಕನ ಪ್ರಶ್ನೆ ಇನ್ನೂ ಉಳಿದಿದೆ. ದಿನಾ ನುಂಗುವ ಮಾತ್ರೆಗಿಂತ ಇದು ಮೇಲೋ? ಅದಕ್ಕೂ ಒಂದು ಪ್ರಯೋಗ ನಡೆದಿದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2021ರಲ್ಲಿ ಅದರ ಫಲಿತಾಂಶ ಕೊಟ್ಟರು. 59 ಜನ. ಅರ್ಧ ಜನಕ್ಕೆ ಮೂರು ವಾರದ ಅಂತರದಲ್ಲಿ ಎರಡು ಸಲ 25 ಮಿಲಿಗ್ರಾಂ ಸೈಲೊಸೈಬಿನ್. ಇನ್ನರ್ಧಕ್ಕೆ ಎಸ್ಸಿಟಾಲೊಪ್ರಾಮ್ ಎಂಬ ಮಾತ್ರೆ, ದಿನಾ, ಆರು ವಾರ. ನಮ್ಮ ಊರಿನ ಮೆಡಿಕಲ್ ಶಾಪಿನಲ್ಲೂ ಚೀಟಿ ತೋರಿಸಿದರೆ ಸಿಗುವ ಮಾತ್ರೆ ಅದು. ಅಲ್ಲಿ ಬಳಸಿದ್ದು 27 ಅಂಕದ ಬೇರೆ ಅಳತೆಗೋಲು. ಆರು ವಾರ ಕಳೆದಾಗ ಸೈಲೊಸೈಬಿನ್ ಗುಂಪಿನಲ್ಲಿ 8 ಅಂಕ, ಮಾತ್ರೆಯ ಗುಂಪಿನಲ್ಲಿ 6 ಅಂಕ ಇಳಿದಿತ್ತು. ಆ 2 ಅಂಕದ ವ್ಯತ್ಯಾಸ ಅಕಸ್ಮಾತ್ತಾಗಿಯೂ ಬರಬಹುದಾದಷ್ಟೇ ಇತ್ತು. ಅಂದರೆ ಇದು ಮಾತ್ರೆಗಿಂತ ಮೇಲು ಎಂದು ಆ ಪ್ರಯೋಗ ತೋರಿಸಲಿಲ್ಲ. ಎರಡೂ ಸಮ ಎಂದು ಸಾಬೀತು ಮಾಡಲೂ 59 ಜನ ಸಾಲದು.

ಕಂಪಾಸ್ ಕಂಪನಿ ಆಮೇಲೆ ಇನ್ನೂ ದೊಡ್ಡ ಪ್ರಯೋಗಕ್ಕೆ ಕೈಹಾಕಿತು. 258 ಜನ. ಈ ಸಲ ಹೋಲಿಕೆಗೆ ಕೊಟ್ಟದ್ದು ಔಷಧವೇ ಇಲ್ಲದ ಹುಸಿ ಡೋಸ್. 2025ರ ಜೂನ್‌ನಲ್ಲಿ ಕಂಪನಿ ಪ್ರಕಟಿಸಿದ ಪ್ರಕಾರ, ಆರನೇ ವಾರಕ್ಕೆ ಅದೇ 60 ಅಂಕದ ಅಳತೆಗೋಲಿನಲ್ಲಿ ವ್ಯತ್ಯಾಸ 3.6 ಅಂಕ. ವಾರ ಬೇರೆ, ಹೋಲಿಕೆಯ ಗುಂಪು ಬೇರೆ, ಆದ್ದರಿಂದ 6.6 ಇದ್ದದ್ದು 3.6ಕ್ಕೆ ಇಳಿಯಿತು ಎಂದು ನೇರವಾಗಿ ಹೇಳುವ ಹಾಗಿಲ್ಲ. ಔಷಧ ಏನೋ ಮಾಡುತ್ತದೆ ಎಂಬುದು ಎರಡನೇ ಸಲವೂ ಕಂಡಿದೆ. ಆದರೆ ಅದು ಪವಾಡದ ಗಾತ್ರದ್ದಲ್ಲ.

ಅಕ್ಕನಿಗೆ ನಾನು ಎಲ್ಲಕ್ಕಿಂತ ಒತ್ತಿ ಹೇಳಿದ್ದು ಎರಡು ಮಾತು. ಒಂದು, ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ತಲೆಯೊಳಗೆ ಕರೆಂಟು ಹೊಡೆದ ಹಾಗೆ ಆಗುವುದು, ಇವೆಲ್ಲ ಬರಬಹುದು. ಹಳೆಯ ಖಿನ್ನತೆ ಮರಳಿಯೂ ಬರಬಹುದು. ಬಿಡುವುದಾದರೆ ಬರೆದುಕೊಟ್ಟ ಡಾಕ್ಟರ ಹತ್ತಿರ ಮಾತಾಡಿ, ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಇನ್ನೊಂದು, ಕಾಡಿನ ಅಣಬೆಗೂ ಆ ಕ್ಯಾಪ್ಸೂಲಿಗೂ ಸಂಬಂಧ ಕಟ್ಟಬಾರದು. ಮುಂಗಾರಿನ ಗುಡುಗಿಗೆ ಏಳುವ ಹೆಗ್ಗಾಲಣಬೆಯನ್ನು ನಮ್ಮ ಕಡೆ ಎಲ್ಲರೂ ತಿನ್ನುತ್ತಾರೆ. ಆದರೆ ಗುರುತು ತಪ್ಪಿದರೆ ಜೀವ ತೆಗೆಯುವ ಅಣಬೆಗಳೂ ಇವೆ. ಸೈಲೊಸೈಬಿನ್ ಇರುವ ಅಣಬೆಯೇ ಆದರೂ ಒಂದರಲ್ಲಿ ಎಷ್ಟಿದೆ ಎಂದು ನೋಡಿ ಹೇಳಲು ಆಗದು. ಸ್ಕಿಜೋಫ್ರೇನಿಯ ಅಥವಾ ಬೈಪೋಲಾರ್ ಕಾಯಿಲೆ ಇದ್ದವರನ್ನು ಈ ಪ್ರಯೋಗಗಳಿಗೆ ಸೇರಿಸಿಕೊಂಡೇ ಇಲ್ಲ, ಅಂಥವರಿಗೆ ಅಪಾಯ ಹೆಚ್ಚು ಎಂಬ ಭಯಕ್ಕೆ. ಜೊತೆಗೆ ನಮ್ಮ ದೇಶದ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿ ಸೈಲೊಸೈಬಿನ್ ಇದೆ. ಇಟ್ಟುಕೊಂಡರೆ ಕೇಸು.

ಮನಸ್ಸು ತೀರಾ ಕುಗ್ಗಿದೆ, ಆಸ್ಪತ್ರೆಗೆ ಹೋಗಲು ಕಾಲು ಬರುತ್ತಿಲ್ಲ ಎನ್ನುವವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನು ಮುಂದೆಯೂ ಈ ಔಷಧದ ಸುದ್ದಿ ನಿಮ್ಮ ಫೋನಿಗೆ ಬರುತ್ತಲೇ ಇರುತ್ತದೆ. ಬಂದಾಗ ಮೂರು ವಿಷಯ ಹುಡುಕಿ ನೋಡಿ. ಹೋಲಿಕೆಯ ಗುಂಪಿನವರಿಗೆ ಎಷ್ಟು ಗುಣವಾಯಿತು? ಮೂರು ತಿಂಗಳ ನಂತರ ಎಷ್ಟು ಜನರಲ್ಲಿ ಉಳಿಯಿತು? ಯಾರಿಗೆ ಏನು ಸಿಕ್ಕಿತು ಎಂದು ರೋಗಿಗಳು ಊಹಿಸಿಬಿಟ್ಟರೋ ಎಂದು ಕೇಳಿ ನೋಡಿದ್ದಾರಾ? ಅಕ್ಕ ಕಳಿಸಿದ ಎರಡು ನಿಮಿಷದ ವಿಡಿಯೊದಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ.